ಕಾಟ ಒಂದೇ, ವೇಷ ಬೇರೆ: ಪ್ರಾಥಮಿಕ ಶಾಲೆಯಿಂದ ಕಾಲೇಜಿನವರೆಗೆ ಮಕ್ಕಳಿಗೆ ಯಾವುದು ರಕ್ಷಣೆ?

ಪವಿತ್ರ ಕುರ್‌ಆನಿನ ಅಲ್ ಹುಜುರಾತ್ ಅಧ್ಯಾಯದ 11ನೇ ಸೂಕ್ತ ಜುಮಾ ಖುತ್ಬಾಗಳಲ್ಲಿ ನಾವು ಮತ್ತೆ ಮತ್ತೆ ಕೇಳುವ ಸೂಕ್ತ. ಒಬ್ಬರು ಇನ್ನೊಬ್ಬರನ್ನು ಗೇಲಿ ಮಾಡುವುದು, ಪರಸ್ಪರ ಕುಂದು ಎತ್ತಿ ಆಡುವುದು, ಕೆಟ್ಟ ಅಡ್ಡಹೆಸರಿಟ್ಟು ಕರೆಯುವುದು, ಈ ಮೂರನ್ನೂ ಅದು ನಿಷೇಧಿಸುತ್ತದೆ. ಅದರಲ್ಲೂ ಪುರುಷರಿಗೆ ಹೇಳಿದ ಮೇಲೆ ಸ್ತ್ರೀಯರಿಗೆ ಪ್ರತ್ಯೇಕವಾಗಿ ಹೇಳುತ್ತದೆ. ದೊಡ್ಡವರಾದ ನಾವು ಇದನ್ನು ಕೇಳಿ ತಲೆದೂಗುತ್ತೇವೆ. ಆದರೆ ಈ ಮೂರೂ ಅತಿ ಹೆಚ್ಚು ನಡೆಯುವ ಜಾಗ ನಮ್ಮ ಮಕ್ಕಳ ಶಾಲೆ, ಶಾಲಾ ವಾಹನ, ಹಾಸ್ಟೆಲ್ ಮತ್ತು ಮೊಬೈಲ್ ಎಂಬುದು ಎಷ್ಟೋ ವೇಳೆ ನಮಗೆ ಹೊಳೆಯುವುದಿಲ್ಲ.

ಇಂಗ್ಲಿಷಿನಲ್ಲಿ ಬುಲ್ಲಿಯಿಂಗ್ ಎನ್ನುವ ಈ ಕಾಟವನ್ನು ಮೊದಲು ವ್ಯವಸ್ಥಿತವಾಗಿ ಅಧ್ಯಯನ ಮಾಡಿದವರು ನಾರ್ವೆಯಲ್ಲಿ ಕೆಲಸ ಮಾಡಿದ ಮನಶ್ಶಾಸ್ತ್ರಜ್ಞ ಡಾನ್ ಒಲ್ವೆಯಸ್. ಅವರು ಇದಕ್ಕೆ ಮೂರು ಗುರುತು ಹೇಳಿದರು. ನೋಯಿಸುವ ಉದ್ದೇಶ ಇರಬೇಕು. ಅದು ಮರುಕಳಿಸುತ್ತಿರಬೇಕು. ನೋಯಿಸುವವನ ಬಲ ಹೆಚ್ಚು, ನೋಯುವವನ ಬಲ ಕಡಿಮೆ ಇರಬೇಕು. ಮೂರನೆಯ ಗುರುತು ಬಹಳ ಮುಖ್ಯ. ಸಮಬಲದ ಇಬ್ಬರು ಮಕ್ಕಳು ಪೆನ್ಸಿಲಿಗಾಗಿ ಹೊಡೆದಾಡಿದರೆ ಅದು ಜಗಳ. ಇಬ್ಬರನ್ನೂ ಕೂರಿಸಿ ರಾಜಿ ಮಾಡಿಸಬಹುದು. ಒಬ್ಬನೇ ಹುಡುಗನ ಪೆನ್ಸಿಲನ್ನು ನಾಲ್ವರು ಸೇರಿ ದಿನಾ ಕಿತ್ತುಕೊಂಡರೆ ಅದು ಕಾಟ. ಅಲ್ಲಿ ರಾಜಿ ಮಾಡಿಸುವುದೆಂದರೆ ಬಲಹೀನನನ್ನು ಬಲಶಾಲಿಯ ಕೈಗೆ ಇನ್ನೊಮ್ಮೆ ಒಪ್ಪಿಸಿದಂತೆ.

ಕಾಟ ಕೊಡುವವನಿಗೆ ಬೇಕಾದದ್ದು ಎಲ್ಲ ವಯಸ್ಸಿನಲ್ಲೂ ಹೆಚ್ಚುಕಡಿಮೆ ಒಂದೇ: ತನ್ನ ಗುಂಪಿನಲ್ಲಿ ಒಂದು ಮೇಲಿನ ಸ್ಥಾನ. ವಯಸ್ಸಾದಂತೆ ಬದಲಾಗುವುದು ಅದರ ವೇಷ, ಮತ್ತು ಅದನ್ನು ತಡೆಯಬಲ್ಲವರು ಯಾರು ಎಂಬುದು. ಚಿಕ್ಕ ಮಗುವನ್ನು ಕಾಯುವುದು ದೊಡ್ಡವರ ಕಣ್ಣು. ಹೈಸ್ಕೂಲಿನ ಮಗುವನ್ನು ಕಾಯುವುದು ಪಕ್ಕದಲ್ಲಿ ನಿಲ್ಲುವ ಗೆಳೆಯ. ಕಾಲೇಜಿಗೆ ಹೋದವರನ್ನು ಕಾಯುವುದು ನಿಯಮ ಮತ್ತು ಬರವಣಿಗೆಯಲ್ಲಿರುವ ದೂರು. ಹೆತ್ತವರು ಎಡವುವುದು ಹೆಚ್ಚಾಗಿ ಇಲ್ಲಿಯೇ. ಒಂದು ವಯಸ್ಸಿನ ಮದ್ದನ್ನು ಇನ್ನೊಂದು ವಯಸ್ಸಿಗೆ ಕೊಟ್ಟುಬಿಡುತ್ತೇವೆ.

ಪ್ರಾಥಮಿಕ ಶಾಲೆ: ಕೈ, ಬಾಯಿ ಮತ್ತು ದೊಡ್ಡವರಿಲ್ಲದ ಜಾಗ

ಒಂದರಿಂದ ಐದನೇ ತರಗತಿಯವರೆಗಿನ ಕಾಟ ಕಣ್ಣಿಗೆ ಕಾಣುವಂಥದ್ದು. ತಳ್ಳುವುದು, ಚಿವುಟುವುದು, ಟಿಫಿನ್ ಡಬ್ಬಿ ಕಿತ್ತುಕೊಳ್ಳುವುದು, ಚಪ್ಪಲಿ ಬಚ್ಚಿಡುವುದು, ಮೈಬಣ್ಣ, ದಪ್ಪ, ತೊದಲು ಅಥವಾ ಕನ್ನಡಕದ ಮೇಲೆ ಹೆಸರಿಟ್ಟು ಕೂಗುವುದು. ಈ ವಯಸ್ಸಿನಲ್ಲಿ ಕಾಟ ಕೊಡುವ ಮಗು ಮೊದಲು ಹಲವರ ಮೇಲೆ ಪ್ರಯೋಗ ಮಾಡುತ್ತದೆ. ಬೇಗ ಅಳುವವರು ಯಾರು, ಹೇಳಿಕೊಳ್ಳದವರು ಯಾರು ಎಂದು ನೋಡುತ್ತದೆ. ಹಾಗಾಗಿ ಚಿಕ್ಕ ತರಗತಿಗಳಲ್ಲಿ ಗುರಿಯಾಗುವ ಮಗು ಬದಲಾಗುತ್ತಲೇ ಇರುತ್ತದೆ. ಬೇಗ ತಡೆದರೆ ಅದು ಬೇರೂರದೆ ಹೋಗುತ್ತದೆ, ತಡೆಯದಿದ್ದರೆ ಮುಂದೆ ಒಬ್ಬರ ಮೇಲೆಯೇ ನೆಲೆಯಾಗುತ್ತದೆ.

ಇದು ನಡೆಯುವುದು ಪಾಠದ ಹೊತ್ತಿನಲ್ಲಲ್ಲ. ಶೌಚಾಲಯದ ದಾರಿ, ನೀರಿನ ನಲ್ಲಿಯ ಹತ್ತಿರ, ಬಿಸಿಯೂಟದ ಸಾಲು, ಮೈದಾನದ ಮೂಲೆ, ಶಾಲಾ ವ್ಯಾನಿನ ಹಿಂದಿನ ಸೀಟು, ಸಂಜೆ ಮದ್ರಸಾಕ್ಕೆ ನಡೆದುಹೋಗುವ ಓಣಿ, ಹೀಗೆ ದೊಡ್ಡವರ ಕಣ್ಣು ಇಲ್ಲದ ಜಾಗಗಳಲ್ಲಿ ನಡೆಯುತ್ತದೆ. ಆದ್ದರಿಂದ ಲಕ್ಷಣಗಳೂ ಆ ಜಾಗಗಳನ್ನೇ ತೋರಿಸುತ್ತವೆ. ಶೌಚಾಲಯದಲ್ಲಿ ಕಾಟವಿದ್ದರೆ ಮಗು ಶಾಲೆಯಲ್ಲಿ ನೀರು ಕುಡಿಯುವುದಿಲ್ಲ. ಬಾಟಲಿ ತುಂಬಿದಂತೆಯೇ ಮನೆಗೆ ಬರುತ್ತದೆ, ಮಗು ಬಂದ ಕೂಡಲೇ ಬಾತ್‌ರೂಮಿಗೆ ಓಡುತ್ತದೆ. ಊಟದ ಹೊತ್ತಿನಲ್ಲಿ ಕಾಟವಿದ್ದರೆ ಡಬ್ಬಿ ಖಾಲಿ ಇದ್ದರೂ ಮಗು ಹಸಿದೇ ಬರುತ್ತದೆ. ವ್ಯಾನಿನಲ್ಲಿದ್ದರೆ "ಅಬ್ಬೂ, ನೀವೇ ಬಿಟ್ಟು ಬನ್ನಿ" ಎಂದು ಹಟ ಹಿಡಿಯುತ್ತದೆ. ಶಾಲೆಯಿರುವ ದಿನ ಬೆಳಿಗ್ಗೆ ಹೊಟ್ಟೆನೋವು, ರಜೆಯ ದಿನ ಏನೂ ಇಲ್ಲ ಎಂದಾದರೆ ಅದನ್ನು ಕಳ್ಳಾಟ ಎಂದು ತಳ್ಳಿಹಾಕಬಾರದು.

"ಯಾರಾದರೂ ಹೊಡೆದರಾ?" ಎಂದು ಕೇಳಿದರೆ ಮಗು "ಇಲ್ಲ" ಎನ್ನುತ್ತದೆ. "ಇವತ್ತು ವ್ಯಾನಿನಲ್ಲಿ ಯಾರ ಪಕ್ಕ ಕೂತೆ? ಎಲ್ಲಿ ಕೂತು ತಿಂದೆ? ಜೊತೆಗೆ ಯಾರಿದ್ದರು?" ಎಂದು ಕೇಳಿದರೆ ಹೇಳುತ್ತದೆ. ಎರಡು ಮೂರು ದಿನ ಹೀಗೆ ಕೇಳಿದರೆ ಯಾವ ಜಾಗ, ಯಾವ ಹೊತ್ತು ಎಂಬುದು ನಮಗೆ ಸ್ಪಷ್ಟವಾಗುತ್ತದೆ.

ಆಮೇಲೆ ಟೀಚರ್ ಬಳಿ ಹೋಗುವಾಗ "ನನ್ನ ಮಗನಿಗೆ ಕಾಟ ಕೊಡುತ್ತಾರೆ" ಎಂದಷ್ಟೇ ಹೇಳಿದರೆ ಹೆಚ್ಚು ಪ್ರಯೋಜನವಿಲ್ಲ. "ಮಧ್ಯಾಹ್ನ ಊಟವಾದ ಮೇಲೆ ನಲ್ಲಿಯ ಹತ್ತಿರ, ಈ ವಾರ ಮೂರು ಸಲ" ಎಂದು ಹೇಳಿದರೆ ಅವರು ಅಲ್ಲಿ ನಿಲ್ಲಬಹುದು, ಅಥವಾ ಆಯಾರನ್ನು ನಿಲ್ಲಿಸಬಹುದು. ವ್ಯಾನಿನಲ್ಲಾದರೆ ಚಿಕ್ಕವರನ್ನು ಚಾಲಕನ ಹಿಂದಿನ ಸಾಲಿಗೆ ತಂದರೆ ಸಾಕಾಗುತ್ತದೆ. ನಾವು ಕೇಳಬೇಕಾದ್ದು ಶಿಕ್ಷೆಗಿಂತ ಮುಂಚೆ ಈ ಬದಲಾವಣೆ. ಇಬ್ಬರು ಮಕ್ಕಳನ್ನೂ ಎದುರುಬದುರು ನಿಲ್ಲಿಸಿ "ಸಾರಿ ಹೇಳು" ಎನ್ನಿಸುವುದು ಬೇಡ. ಅಲ್ಲಿ ಸಾರಿ ಹೇಳಿದ ಮಗು ಓಣಿಯಲ್ಲಿ ಅದರ ಲೆಕ್ಕ ತೀರಿಸಿಕೊಳ್ಳುತ್ತದೆ. ಒಂದು ವಾರದ ಬಳಿಕ ಒಮ್ಮೆ, ತಿಂಗಳ ಬಳಿಕ ಇನ್ನೊಮ್ಮೆ ಟೀಚರನ್ನು ಕಂಡು ವಿಚಾರಿಸಬೇಕು, ಏಕೆಂದರೆ ಕಾವಲು ಸಡಿಲವಾದಾಗ ಕಾಟ ಮರಳುತ್ತದೆ.

"ನೀನೂ ತಿರುಗಿಸಿ ಹೊಡಿ" ಎಂಬ ಸಲಹೆ ನಮ್ಮ ಮನೆಗಳಲ್ಲಿ ಸಾಮಾನ್ಯ. ಆದರೆ ಗುರಿಯಾದ ಮಗು ಹೆಚ್ಚಾಗಿ ಚಿಕ್ಕದು ಅಥವಾ ಒಂಟಿ. ಅದು ಹೊಡೆದರೆ ಮತ್ತೆ ಏಟು ತಿನ್ನುತ್ತದೆ, ಇಲ್ಲವೇ ಟೀಚರ್ ಕಣ್ಣಿಗೆ ಬೀಳುವುದು ಅದರ ಏಟೇ ಆಗುತ್ತದೆ. ಗಟ್ಟಿ ದನಿಯಲ್ಲಿ "ಬೇಡ, ಬಿಡು" ಎಂದು ಹೇಳಿ ನೇರವಾಗಿ ದೊಡ್ಡವರ ಬಳಿ ನಡೆಯುವುದನ್ನು ಮನೆಯಲ್ಲೇ ಆಡಿ ಅಭ್ಯಾಸ ಮಾಡಿಸಬಹುದು. ಚಾಡಿಗೂ ದೂರಿಗೂ ಇರುವ ವ್ಯತ್ಯಾಸವನ್ನೂ ಹೀಗೆ ಹೇಳಿಕೊಡಬಹುದು: ಒಬ್ಬನನ್ನು ಸಿಕ್ಕಿಹಾಕಿಸಲು ಹೇಳುವುದು ಚಾಡಿ, ಒಬ್ಬನನ್ನು ಬಿಡಿಸಲು ಹೇಳುವುದು ದೂರು.

ಆರರಿಂದ ಹತ್ತು: ಕೈ ಎತ್ತದೆ ಕೊಡುವ ಕಾಟ

ಹನ್ನೊಂದು ಹನ್ನೆರಡು ವಯಸ್ಸಿಗೆ ಬರುವಾಗ ಮಕ್ಕಳಿಗೆ ಹೊಡೆದರೆ ಸಿಕ್ಕಿಬೀಳುತ್ತೇವೆ ಎಂಬುದು ಗೊತ್ತಾಗಿರುತ್ತದೆ. ಅದೇ ಹೊತ್ತಿಗೆ, ತನ್ನ ಓರಗೆಯವರು ತನ್ನನ್ನು ಹೇಗೆ ನೋಡುತ್ತಾರೆ ಎಂಬುದು ಅಮ್ಮಿ ಅಬ್ಬುವಿನ ಮಾತಿಗಿಂತ ದೊಡ್ಡದಾಗುತ್ತದೆ. ಕಾಟ ಈಗ ಆ ಜಾಗಕ್ಕೇ ಹೊಡೆಯುತ್ತದೆ. ಬೆಂಚಿನಲ್ಲಿ ಜಾಗ ಕೊಡದಿರುವುದು, ಒಬ್ಬಳು ಬಂದ ಕೂಡಲೇ ಎಲ್ಲರೂ ಮಾತು ನಿಲ್ಲಿಸುವುದು, ಯಾರದೋ ಹೆಸರಿನೊಂದಿಗೆ ಸೇರಿಸಿ ಸುದ್ದಿ ಹಬ್ಬಿಸುವುದು, ಫೋಟೋವನ್ನು ಸ್ಟಿಕ್ಕರ್ ಮಾಡಿ ಕಳುಹಿಸುವುದು. ಗಾಯವಿಲ್ಲ, ಹರಿದ ಅಂಗಿಯಿಲ್ಲ. ಟೀಚರ್ ಕೇಳಿದರೆ "ನಾವೇನು ಮಾಡಿದೆವು ಮಿಸ್?" ಎಂಬ ಉತ್ತರ ಸಿದ್ಧವಿರುತ್ತದೆ. ಮೊಬೈಲ್ ಬಂದ ಮೇಲೆ ಶಾಲೆಯ ಗಂಟೆ ಹೊಡೆದರೂ ಇದು ನಿಲ್ಲುವುದಿಲ್ಲ. ರಾತ್ರಿ ಹಾಸಿಗೆಯವರೆಗೂ ಬರುತ್ತದೆ.

ಈ ವಯಸ್ಸಿನ ಕಾಟದಲ್ಲಿ ಇಬ್ಬರಲ್ಲ, ಇಡೀ ತರಗತಿಯೇ ಪಾತ್ರಧಾರಿ. ಫಿನ್‌ಲ್ಯಾಂಡಿನ ಸಂಶೋಧಕಿ ಕ್ರಿಸ್ಟಿನಾ ಸಾಲ್ಮಿವಲ್ಲಿ ಮತ್ತು ಸಂಗಡಿಗರು 1996ರಲ್ಲಿ ಇದನ್ನು ಬಿಡಿಸಿ ತೋರಿಸಿದರು. ಮುಂದೆ ನಿಂತು ಕಾಟ ಕೊಡುವವನು ಒಬ್ಬ. ಅವನಿಗೆ ಕೈಜೋಡಿಸುವವರು ಕೆಲವರು. ನಕ್ಕು ಹುರಿದುಂಬಿಸುವವರು ಇನ್ನು ಕೆಲವರು. ನೋಡಿಯೂ ಸುಮ್ಮನಿರುವವರು ಬಹಳ. ಪರವಾಗಿ ನಿಲ್ಲುವವರು ಕೆಲವೇ ಮಂದಿ. ಕಾಟ ಕೊಡುವವನಿಗೆ ಬೇಕಾದ ಸ್ಥಾನವನ್ನು ಕೊಡುವವರು ಈ ನಗುವವರೇ. ಕೆನಡಾದ ಟೊರಾಂಟೋದಲ್ಲಿ ಶಾಲಾ ಮೈದಾನಗಳನ್ನು ಕ್ಯಾಮೆರಾದಲ್ಲಿ ಚಿತ್ರೀಕರಿಸಿ ನೋಡಿದಾಗ, ಜೊತೆಯ ಮಗುವೊಂದು ಮಧ್ಯೆ ಬಂದ ಸಂದರ್ಭಗಳಲ್ಲಿ ಅರ್ಧಕ್ಕಿಂತ ಹೆಚ್ಚು ಸಲ ಕಾಟ ಹತ್ತು ಸೆಕೆಂಡಿನೊಳಗೆ ನಿಂತಿತ್ತು. ಆದರೆ ಹಾಗೆ ಬರುವ ಮಕ್ಕಳು ಕಡಿಮೆ.

ಇನ್ನೊಂದು ಸಂಗತಿ ನಮ್ಮ ಗಮನದಲ್ಲಿರಬೇಕು. ಕಾಟ ತಡೆಯುವ ಶಾಲಾ ಕಾರ್ಯಕ್ರಮಗಳ ಫಲಿತಾಂಶಗಳನ್ನು ಒಟ್ಟುಗೂಡಿಸಿ 2015ರಲ್ಲಿ ಪ್ರಕಟವಾದ ಒಂದು ಅಮೆರಿಕನ್ ವಿಶ್ಲೇಷಣೆ, ಏಳನೇ ತರಗತಿಯವರೆಗೆ ಅವು ಕೆಲಸ ಮಾಡುತ್ತವೆ, ಎಂಟನೇ ತರಗತಿಯಿಂದ ಮೇಲೆ ಪರಿಣಾಮ ಬಹುತೇಕ ಇಲ್ಲವಾಗುತ್ತದೆ ಎಂದು ಕಂಡುಕೊಂಡಿತು. ದೊಡ್ಡವರು ಹೇಗೆ ನಡೆದುಕೊಳ್ಳಬೇಕೆಂದು ಪಾಠ ಹೇಳುವುದು ಹದಿಹರೆಯದವರಿಗೆ ಹಿಡಿಸುವುದಿಲ್ಲ. ಮೂರನೇ ತರಗತಿಯವನಿಗೆ ನೆರವಾದ ಭಾಷಣ ಒಂಬತ್ತನೆಯವನ ಮೇಲೆ ಕೆಲಸ ಮಾಡದು ಎಂದರ್ಥ.

ಹಾಗಾದರೆ ಏನು ಮಾಡುವುದು? ಒಂದು ಉದಾಹರಣೆ ಕಲ್ಪಿಸಿಕೊಂಡು ಹಂತ ಹಂತವಾಗಿ ನೋಡೋಣ. ಎಂಟನೇ ತರಗತಿಯ ಹುಡುಗಿ. ತರಗತಿಯ ಹುಡುಗಿಯರ ಒಂದು ವಾಟ್ಸ್‌ಆ್ಯಪ್ ಗುಂಪಿತ್ತು. ಒಂದು ದಿನ ಅದು ಮೌನವಾಯಿತು. ಇವಳನ್ನು ಬಿಟ್ಟು ಹೊಸ ಗುಂಪು ಆಗಿದೆ ಎಂಬುದು ಆಮೇಲೆ ಗೊತ್ತಾಯಿತು. ಅಲ್ಲಿ ಇವಳು ಬಾಯಿ ತೆರೆದು ತಿನ್ನುತ್ತಿರುವ ಫೋಟೋ ಸ್ಟಿಕ್ಕರ್ ಆಗಿದೆ, ಒಂದು ಹೆಸರೂ ಬಿದ್ದಿದೆ. ಅವಳು ಮೊಬೈಲನ್ನು ಮತ್ತೆ ಮತ್ತೆ ನೋಡುತ್ತಾಳೆ, ನೋಡಿ ಕವುಚಿ ಇಡುತ್ತಾಳೆ. ಊಟ ಕಡಿಮೆಯಾಗಿದೆ. ಟ್ಯೂಷನ್ ಬಿಡುತ್ತೇನೆ ಎನ್ನುತ್ತಾಳೆ.

ಅಮ್ಮಿಗೆ ವಿಷಯ ತಿಳಿದಾಗ ಮೊದಲು ಬರುವ ಯೋಚನೆ ಮೊಬೈಲ್ ಕಸಿದುಕೊಳ್ಳುವುದು. ಅದನ್ನು ಮಾಡಬಾರದು. ಹೇಳಿದರೆ ಮೊಬೈಲ್ ಹೋಗುತ್ತದೆ ಎಂದು ಗೊತ್ತಾದ ಮಗು ಮುಂದಿನ ಸಲ ಹೇಳುವುದಿಲ್ಲ. ಮೊದಲು ಮಾಡಬೇಕಾದ್ದು ಸ್ಕ್ರೀನ್‌ಶಾಟ್ ತೆಗೆದಿಡುವುದು, ದಿನಾಂಕ ಮತ್ತು ಕಳುಹಿಸಿದವರ ನಂಬರ್ ಕಾಣುವಂತೆ. ಗುಂಪಿನಲ್ಲಿ ಉತ್ತರ ಕೊಡುವುದು ಬೇಡ, ಅಳಿಸುವುದೂ ಬೇಡ.

ಎರಡನೆಯದು, ಮಗಳೊಂದಿಗೆ ಕೂತು ಆ ತರಗತಿಯನ್ನು ಪಾತ್ರಗಳಾಗಿ ಬಿಡಿಸುವುದು. ಮುಂದೆ ನಿಂತವಳು ಯಾರು? ನಗುವವರು ಯಾರು? ನಗದೆ ಸುಮ್ಮನಿರುವವರು ಯಾರು? ಆ ಸುಮ್ಮನಿರುವವರಲ್ಲಿ ಮಗಳಿಗೆ ಸ್ವಲ್ಪ ಹತ್ತಿರವಿದ್ದ ಒಬ್ಬಳು ಇದ್ದೇ ಇರುತ್ತಾಳೆ. ಅವಳನ್ನು ಮನೆಗೆ ಕರೆಯಿರಿ, ಒಟ್ಟಿಗೆ ಓದಲಿ, ಬೆಳಿಗ್ಗೆ ಒಟ್ಟಿಗೆ ಶಾಲೆಗೆ ನಡೆದುಹೋಗಲಿ. ಅವಳು ಯಾರೊಂದಿಗೂ ಜಗಳವಾಡಬೇಕಾಗಿಲ್ಲ. ಪಕ್ಕದಲ್ಲಿ ಕೂತರೆ, "ಆ ಸ್ಟಿಕ್ಕರ್ ನನಗೆ ಸರಿ ಕಾಣಲಿಲ್ಲ" ಎಂದು ಖಾಸಗಿಯಾಗಿ ಒಂದು ಸಂದೇಶ ಕಳುಹಿಸಿದರೆ ಸಾಕು. ಒಬ್ಬ ಒಳ್ಳೆಯ ಗೆಳತಿ ಇದ್ದರೆ ಕಾಟ ಕಡಿಮೆಯಾಗುತ್ತದೆ, ಆದ ಕಾಟದ ನೋವೂ ಕಡಿಮೆಯಾಗುತ್ತದೆ ಎಂಬುದು ಸಂಶೋಧನೆಗಳಲ್ಲಿ ಮತ್ತೆ ಮತ್ತೆ ಕಂಡ ವಿಷಯ.

ಮೂರನೆಯದು ಶಾಲೆ. ಮಗಳಿಗೆ ಹೇಳಿ, ಅವಳ ಒಪ್ಪಿಗೆ ಪಡೆದು, ತರಗತಿಯ ಹೊತ್ತಿನಲ್ಲಿ ಅಲ್ಲದೆ ಬೇರೆ ಹೊತ್ತಿನಲ್ಲಿ ಹೋಗಬೇಕು. ತರಗತಿಯ ಬಾಗಿಲಲ್ಲಿ ನಿಂತು ಅಬ್ಬು ಗದರಿಸಿದರೆ ಅದೇ ಮರುದಿನದ ಹೊಸ ಸ್ಟಿಕ್ಕರ್. ಶಿಕ್ಷಕರಲ್ಲಿ ಕೇಳಬೇಕಾದ್ದು ಏನು ಎಂಬುದಕ್ಕೆ ಫಿನ್‌ಲ್ಯಾಂಡಿನ 'ಕಿವಾ' ಎಂಬ ಕಾರ್ಯಕ್ರಮದಲ್ಲಿ ಒಳ್ಳೆಯ ಮಾದರಿ ಇದೆ. ಅಲ್ಲಿ ಕಾಟ ಕೊಟ್ಟವರನ್ನು ಗುಂಪಾಗಿ ಅಲ್ಲ, ಒಬ್ಬೊಬ್ಬರನ್ನಾಗಿ, ನೋಡುವವರಿಲ್ಲದ ಕೋಣೆಯಲ್ಲಿ ಮಾತನಾಡಿಸುತ್ತಾರೆ. ಗುಂಪು ಇಲ್ಲದಿರುವಾಗ ತೋರಿಸಿಕೊಳ್ಳಲು ಯಾರೂ ಇರುವುದಿಲ್ಲ. ಜೊತೆಗೆ, ತರಗತಿಯಲ್ಲಿ ಎಲ್ಲರೂ ಮೆಚ್ಚುವ ಎರಡು ಮೂರು ಮಕ್ಕಳನ್ನು ಪ್ರತ್ಯೇಕವಾಗಿ ಕರೆದು, ನೊಂದ ಮಗುವಿನ ಜೊತೆ ಇರಲು ಕೇಳಿಕೊಳ್ಳುತ್ತಾರೆ. ಮೆಚ್ಚುಗೆ ಪಡೆದವರು ಜೊತೆ ನಿಂತರೆ ಆ ಮಗುವನ್ನು ಗೇಲಿ ಮಾಡುವುದರಲ್ಲಿ ಸಿಗುವ ಸ್ಥಾನ ಇಲ್ಲವಾಗುತ್ತದೆ. ಪ್ರಾಜೆಕ್ಟಿನ ಗುಂಪು ಮಾಡುವಾಗ, ಕೂರುವ ಜಾಗ ಬದಲಿಸುವಾಗ ನಮ್ಮ ಶಾಲೆಗಳ ಯಾವ ಶಿಕ್ಷಕರೂ ಇದನ್ನು ಸದ್ದಿಲ್ಲದೆ ಮಾಡಬಹುದು.

ಎಲ್ಲವೂ ಹೀಗೆ ಮುಗಿಯುವುದಿಲ್ಲ. ಫೋಟೋವನ್ನು ಅಶ್ಲೀಲವಾಗಿ ತಿದ್ದಿದ್ದರೆ, ಅದನ್ನು ತೋರಿಸಿ ಹೆದರಿಸುತ್ತಿದ್ದರೆ ಅದು ಗೆಳತಿ ಅಥವಾ ಶಿಕ್ಷಕರು ಬಗೆಹರಿಸುವ ವಿಷಯವಲ್ಲ, ಅಪರಾಧ. ಸೈಬರ್ ಅಪರಾಧದ 1930 ಸಂಖ್ಯೆಗೆ ಅಥವಾ cybercrime.gov.in ತಾಣದಲ್ಲಿ ದೂರು ಕೊಡಬೇಕು. ಹದಿನೆಂಟು ತುಂಬದ ಮಕ್ಕಳಿಗೆ 1098 ಸಹಾಯವಾಣಿಯೂ ಇದೆ. "ಮನೆತನದ ಮರ್ಯಾದೆ" ಎಂದು ಮುಚ್ಚಿಟ್ಟರೆ ಹೆದರಿಸುವವನ ಕೈಯಲ್ಲಿರುವ ಆಯುಧ ಇನ್ನಷ್ಟು ಹರಿತವಾಗುತ್ತದೆ.

ಹೆಸರು, ಟೋಪಿ, ಸ್ಕಾರ್ಫಿನ ಮೇಲಿನ ಗೇಲಿ

ನಮ್ಮ ಮಕ್ಕಳಿಗೆ ಈ ವಯಸ್ಸಿನಲ್ಲಿ ಇನ್ನೊಂದು ಬಗೆಯ ಮಾತು ಎದುರಾಗುತ್ತದೆ. ಕ್ರಿಕೆಟ್ ಪಂದ್ಯದ ಮರುದಿನ "ಪಾಕಿಸ್ತಾನಿ" ಎನ್ನುವುದು, ಡಬ್ಬಿಯ ಊಟದ ಬಗ್ಗೆ ಮೂಗು ಮುಚ್ಚುವುದು, ಟಿವಿಯಲ್ಲಿ ಬಂದ ಸುದ್ದಿಗೆ ತರಗತಿಯ ಒಬ್ಬನೇ ಮುಸ್ಲಿಂ ಹುಡುಗ ಉತ್ತರ ಕೊಡಬೇಕು ಎಂಬಂತೆ ನೋಡುವುದು. ನಾಝಿಯಾ ಎರುಂ ಅವರು ದೇಶದ ಹಲವು ನಗರಗಳ ಕುಟುಂಬಗಳನ್ನು ಮಾತನಾಡಿಸಿ ಬರೆದ 'ಮದರಿಂಗ್ ಎ ಮುಸ್ಲಿಂ' ಪುಸ್ತಕ ಇಂಥ ಅನುಭವಗಳನ್ನೇ ದಾಖಲಿಸಿದೆ. ಒಲ್ವೆಯಸ್ ಹೇಳಿದ ಮೂರನೆಯ ಗುರುತನ್ನು ಇಲ್ಲಿ ನೆನೆಯಬೇಕು. ನಲವತ್ತು ಮಕ್ಕಳಲ್ಲಿ ಒಬ್ಬನೇ ಆಗಿರುವುದು ಬಲದ ವ್ಯತ್ಯಾಸವೇ.

ಇಲ್ಲಿ ಎರಡು ಬಗೆಯನ್ನು ಬೇರ್ಪಡಿಸಬೇಕು. ಮಗುವೊಂದು ಎಲ್ಲಿಂದಲೋ ಕೇಳಿದ ಪದವನ್ನು ಎಸೆದಿದ್ದರೆ ಮೇಲೆ ಹೇಳಿದ ದಾರಿಯೇ ಸಾಕು. ತರಗತಿಯ ಬೇರೆ ಧರ್ಮದ ಗೆಳೆಯನೇ ಇಲ್ಲಿ ಅತ್ಯುತ್ತಮ ರಕ್ಷಕ, ಏಕೆಂದರೆ "ಅವನು ನಮ್ಮವನು" ಎಂದು ಅವನು ಹೇಳಿದರೆ ಆ ಮಾತಿಗೆ ಬೇರೆಯೇ ತೂಕ. ಆದರೆ ಶಿಕ್ಷಕರೇ ಅಂಥ ಮಾತಾಡಿದರೆ, ಅಥವಾ ಕೇಳಿ ನಕ್ಕರೆ, ಅದು ಮಕ್ಕಳ ಕಾಟವಾಗಿ ಉಳಿಯುವುದಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಮಗುವಿಗೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸುತ್ತದೆ. ಆಡಿದ ಮಾತು, ದಿನಾಂಕ, ಪೀರಿಯಡ್ ಬರೆದು ಮುಖ್ಯೋಪಾಧ್ಯಾಯರಿಗೆ ಲಿಖಿತವಾಗಿ ಕೊಟ್ಟು ಸ್ವೀಕೃತಿ ಪಡೆಯಬೇಕು. ಫಲವಿಲ್ಲದಿದ್ದರೆ ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ, ಮತ್ತೂ ಮುಂದೆ ಕರ್ನಾಟಕ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ ಹೋಗಬಹುದು. ಸಿಟ್ಟಿನ ಗುಂಪು ಶಾಲೆಯ ಗೇಟಿಗೆ ಹೋದರೆ ವಿಷಯ ಮಗುವಿನ ಕೈಬಿಟ್ಟು ಬೇರೆಯವರ ಕೈಗೆ ಹೋಗುತ್ತದೆ. ಮರುದಿನ ಅದೇ ತರಗತಿಯಲ್ಲಿ ಕೂರಬೇಕಾದದ್ದು ಮಗು.

ಕಾಲೇಜು: ಸಂಪ್ರದಾಯದ ವೇಷ

ಕಾಲೇಜಿನಲ್ಲಿ, ಅದರಲ್ಲೂ ಹಾಸ್ಟೆಲಿನಲ್ಲಿ, ಕಾಟಕ್ಕೆ ಗೌರವದ ಹೆಸರುಗಳಿರುತ್ತವೆ. "ಇಂಟ್ರೊ", "ಇಂಟರ್ಯಾಕ್ಷನ್", "ನಮಗೂ ಹೀಗೇ ಮಾಡಿದ್ದರು". ಸೀನಿಯರ್ ಬಂದಾಗ ತಲೆ ತಗ್ಗಿಸಿ ಅಂಗಿಯ ಮೂರನೇ ಗುಂಡಿ ನೋಡಬೇಕು, ಇಂಥದ್ದೇ ಬಟ್ಟೆ ಹಾಕಬೇಕು, ಮಧ್ಯರಾತ್ರಿ ಕರೆದರೆ ಹೋಗಬೇಕು, ಅವರ ರೆಕಾರ್ಡ್ ಬರೆದುಕೊಡಬೇಕು, ಕ್ಯಾಂಟೀನ್ ಬಿಲ್ ಕೊಡಬೇಕು. ಕಾಟ ಕೊಡುವವರೇ ನೋಟ್ಸ್ ಕೊಡುವವರು, ಲ್ಯಾಬಿನಲ್ಲಿ ನೆರವಾಗುವವರು ಕೂಡ. ಹೀಗಾಗಿ ವಿದ್ಯಾರ್ಥಿಯೇ "ಇದೆಲ್ಲ ಇರುತ್ತದೆ, ಸ್ವಲ್ಪ ದಿನ" ಎಂದು ಒಪ್ಪಿಕೊಂಡಂತೆ ಕಾಣುತ್ತಾನೆ. ಆದರೆ ಬೇಡ ಎನ್ನುವ ಅವಕಾಶ ಇಲ್ಲದಿರುವಾಗ ಹೂಂ ಎಂದದ್ದನ್ನು ಒಪ್ಪಿಗೆ ಎನ್ನಲಾಗದು.

ಇಲ್ಲಿ ಗೆಳೆಯನೊಬ್ಬನೇ ಸಾಲದು, ಏಕೆಂದರೆ ಅದೇ ಬ್ಯಾಚಿನ ಗೆಳೆಯನೂ ಅದೇ ಸಾಲಿನಲ್ಲಿ ತಲೆ ತಗ್ಗಿಸಿ ನಿಂತಿರುತ್ತಾನೆ. ದೂರದ ಊರಿನಲ್ಲಿರುವ ಹೆತ್ತವರ ಕಣ್ಣೂ ತಲುಪದು. ಉಳಿಯುವುದು ನಿಯಮ. ಆ ನಿಯಮ ಒಂದು ಸಾವಿನ ನಂತರ ಗಟ್ಟಿಯಾಯಿತು. 2009ರ ಮಾರ್ಚ್‌ನಲ್ಲಿ ಹಿಮಾಚಲ ಪ್ರದೇಶದ ಟಾಂಡಾದ ಸರಕಾರಿ ವೈದ್ಯಕೀಯ ಕಾಲೇಜಿನ ಮೊದಲ ವರ್ಷದ ವಿದ್ಯಾರ್ಥಿ ಅಮನ್ ಕಾಚ್ರೂ ಕುಡಿದ ಸೀನಿಯರ್‌ಗಳ ಹೊಡೆತದಿಂದ ಮೃತಪಟ್ಟರು. 19 ವರ್ಷದ ಹುಡುಗ. ತಿಂಗಳನ್ನು ಗಮನಿಸಬೇಕು. ರ‍್ಯಾಗಿಂಗ್ ಕಾಲೇಜು ತೆರೆದ ಮೊದಲ ವಾರಗಳ ವಿಷಯ ಎಂಬ ನಂಬಿಕೆಯನ್ನು ಅದು ಸುಳ್ಳಾಗಿಸುತ್ತದೆ. ಅವರ ತಂದೆ ರಾಜೇಂದ್ರ ಕಾಚ್ರೂ ರ‍್ಯಾಗಿಂಗ್ ವಿರುದ್ಧ ಹೋರಾಟ ಮುಂದುವರಿಸಿದರು. ಅದೇ ವರ್ಷ ಯುಜಿಸಿ ರ‍್ಯಾಗಿಂಗ್ ತಡೆ ನಿಯಮಾವಳಿ ಹೊರಡಿಸಿತು.

ಆ ನಿಯಮಾವಳಿಯಲ್ಲಿ ಹೆತ್ತವರಿಗೆ ಉಪಯೋಗಕ್ಕೆ ಬರುವ ಕೆಲವು ಅಂಶಗಳಿವೆ. ಪ್ರವೇಶದ ಹೊತ್ತಿನಲ್ಲೂ ಪ್ರತಿವರ್ಷವೂ ವಿದ್ಯಾರ್ಥಿ ಮತ್ತು ಹೆತ್ತವರು ಮುಚ್ಚಳಿಕೆ ಕೊಡಬೇಕು; ಇದನ್ನು antiragging.in ತಾಣದಲ್ಲಿ ತುಂಬಲಾಗುತ್ತದೆ. ನಾವು ಇದನ್ನು ಸೈಬರ್ ಸೆಂಟರಿನವರ ಕೈಯಲ್ಲಿ ತುಂಬಿಸಿ ಮರೆತುಬಿಡುತ್ತೇವೆ. ಕಾಲೇಜಿನಲ್ಲಿ ರ‍್ಯಾಗಿಂಗ್ ತಡೆ ಸಮಿತಿ ಮತ್ತು ಹಾಸ್ಟೆಲುಗಳಿಗೆ ದಿಢೀರ್ ಭೇಟಿ ಕೊಡುವ ತಂಡ ಇರಲೇಬೇಕು. ಮಾಹಿತಿ ಬಂದಾಗ ಅದು ದಂಡನೀಯ ಅಪರಾಧ ಎಂದು ಕಂಡರೆ ಸಂಸ್ಥೆಯ ಮುಖ್ಯಸ್ಥರು 24 ಗಂಟೆಯೊಳಗೆ ಎಫ್‌ಐಆರ್ ದಾಖಲಿಸಬೇಕು. ಮಾಡಿದವರು ಯಾರೆಂದು ಗುರುತಿಸಲಾಗದಿದ್ದರೆ ಸಾಮೂಹಿಕ ಶಿಕ್ಷೆಗೂ ಅವಕಾಶವಿದೆ. 2016ರ ತಿದ್ದುಪಡಿ ಧರ್ಮ, ಜಾತಿ, ಬಣ್ಣ, ಭಾಷೆ, ಪ್ರಾಂತ ಮೊದಲಾದವುಗಳ ಹೆಸರಿನಲ್ಲಿ ಕೊಡುವ ಕಾಟವನ್ನೂ ರ‍್ಯಾಗಿಂಗ್ ಎಂದೇ ಹೇಳಿದೆ. ಗಡ್ಡ ಅಥವಾ ಹಿಜಾಬ್ ಹಿಡಿದು ಹೀಯಾಳಿಸಿದರೆ "ಬೇರೆ ವಿಷಯ" ಎಂದು ಸಮಿತಿ ಕೈತೊಳೆದುಕೊಳ್ಳುವಂತಿಲ್ಲ. ರಾಷ್ಟ್ರೀಯ ಸಹಾಯವಾಣಿ 1800-180-5522 ದಿನದ 24 ಗಂಟೆಯೂ ಇರುತ್ತದೆ. ನೊಂದವನೇ ಕರೆ ಮಾಡಬೇಕೆಂದಿಲ್ಲ, ಹೆತ್ತವರೂ ಮಾಡಬಹುದು.

ನಿಯಮ ಇದ್ದ ಮಾತ್ರಕ್ಕೆ ಕಾಟ ನಿಲ್ಲುವುದಿಲ್ಲ. ಅದು ಕೆಲಸ ಮಾಡುವುದು ದೂರು ಬರವಣಿಗೆಯಲ್ಲಿದ್ದಾಗ. ವಾರ್ಡನ್ ಬಳಿ ಬಾಯಲ್ಲಿ ಹೇಳಿದ ಮಾತು "ನೋಡೋಣ" ಎಂಬಲ್ಲಿ ಮುಗಿಯುತ್ತದೆ. ಇಮೇಲ್ ಕಳುಹಿಸಿದರೆ ದಿನಾಂಕ ಮತ್ತು ಗಂಟೆ ಉಳಿಯುತ್ತದೆ, ಆ 24 ಗಂಟೆಯ ಲೆಕ್ಕ ಅಲ್ಲಿಂದ ಶುರುವಾಗುತ್ತದೆ. ದೂರು ಕೊಟ್ಟವನನ್ನು ಬ್ಯಾಚು ಒಂಟಿ ಮಾಡುತ್ತದೆ ಎಂಬ ಭಯ ನಿಜವಾದದ್ದೇ. ಆದ್ದರಿಂದ ಸಾಧ್ಯವಾದರೆ ನಾಲ್ಕೈದು ಮಂದಿ ಒಟ್ಟಿಗೆ ಸಹಿ ಮಾಡಲಿ, ಅಥವಾ ಹೆತ್ತವರು ಪರಸ್ಪರ ಮಾತಾಡಿ ಒಟ್ಟಿಗೆ ಬರೆಯಲಿ.

ಮನೆಯಿಂದ ಗಮನಿಸಬಹುದಾದ ಲಕ್ಷಣಗಳಿವೆ. ಪ್ರತಿರಾತ್ರಿ ಒಂದೇ ಹೊತ್ತಿನಲ್ಲಿ ಫೋನ್ ಸಿಗದಿರುವುದು, ಲೆಕ್ಕ ಹೇಳದೆ ಹೆಚ್ಚು ಹಣ ಕೇಳುವುದು, ನಿದ್ದೆಗೆಟ್ಟ ದನಿ, ಈದ್ ರಜೆ ಮುಗಿದರೂ ಹಿಂದಿರುಗಲು ಮನಸ್ಸಿಲ್ಲದಿರುವುದು. ಈ ಹೊತ್ತಿನಲ್ಲಿ "ಸ್ವಲ್ಪ ಅಡ್ಜಸ್ಟ್ ಮಾಡಿಕೋ ಮಗಾ, ಇಷ್ಟು ದುಡ್ಡು ಕಟ್ಟಿದ್ದೇವೆ" ಎಂಬ ಮಾತು ಮಕ್ಕಳಿಗೆ ಬಾಗಿಲು ಮುಚ್ಚಿದಂತೆ ಕೇಳಿಸುತ್ತದೆ. ಸೀಟಿಗಿಂತ ನೀನು ಹೆಚ್ಚು ಎಂಬುದನ್ನು ಪ್ರವೇಶದ ದಿನವೇ ಬಾಯಿಬಿಟ್ಟು ಹೇಳಿರಬೇಕು.

ಪಿಯು ವಿದ್ಯಾರ್ಥಿಗಳ ಬಗ್ಗೆ ಒಂದು ಎಚ್ಚರಿಕೆ. ಪಿಯು ಕಾಲೇಜುಗಳು ಯುಜಿಸಿ ವ್ಯಾಪ್ತಿಗೆ ಬರುವುದಿಲ್ಲ. ಅಲ್ಲಿ ರ‍್ಯಾಗಿಂಗಿಗೆ 1983ರ ಕರ್ನಾಟಕ ಶಿಕ್ಷಣ ಕಾಯ್ದೆಯಲ್ಲಿ ಶಿಕ್ಷೆ ಇದೆ. ಹದಿನೆಂಟು ತುಂಬುವವರೆಗೆ ಅವರು ಕಾನೂನಿನ ಕಣ್ಣಿನಲ್ಲಿ ಮಕ್ಕಳೇ, 1098 ಅವರಿಗೂ ಇದೆ. ವಸತಿ ಪಿಯು ಕಾಲೇಜಿಗೆ ಸೇರಿಸುವಾಗ ಹೈಸ್ಕೂಲಿನ ಮದ್ದೂ ಕಾಲೇಜಿನ ಮದ್ದೂ ಎರಡೂ ಬೇಕು: ಒಬ್ಬ ಗೆಳೆಯ, ಮತ್ತು ಬರೆದಿಟ್ಟ ಫೋನ್ ನಂಬರುಗಳು.

ಕಾಟ ಕೊಡುವವರು ನಮ್ಮ ಮಕ್ಕಳಾದರೆ?

ಇಲ್ಲಿಯವರೆಗೆ ಗುರಿಯಾದ ಮಗುವಿನ ಮನೆಯವರಾಗಿ ಓದಿದೆವು. ಕಾಟ ಕೊಡುವವರಿಗೂ ಮನೆಯಿರುತ್ತದೆ. ಮದ್ರಸಾದಲ್ಲಿ ಕಪ್ಪಗಿರುವವನಿಗೆ, ಬಡವರ ಮನೆಯವನಿಗೆ, ಬೇರೆ ಮನೆಮಾತಿನವನಿಗೆ ಹೆಸರಿಡುವವರು ನಮ್ಮ ಮಕ್ಕಳೇ. ಆ ಹೆಸರುಗಳಲ್ಲಿ ಎಷ್ಟೋ ನಮ್ಮ ಮನೆಗಳಲ್ಲೇ ಹುಟ್ಟಿದವು, ಅಣ್ಣ ತಂಗಿಯನ್ನು, ಚಾಚಾ ಅಣ್ಣನ ಮಗನನ್ನು ತಮಾಷೆಗೆ ಕರೆದವು. ಅಬೂದರ್(ರ) ಒಬ್ಬರನ್ನು ಅವರ ತಾಯಿಯ ಹೆಸರೆತ್ತಿ ಹಳಿದಾಗ, ನಿಮ್ಮೊಳಗೆ ಇನ್ನೂ ಅಜ್ಞಾನಕಾಲದ ಗುಣವಿದೆ ಎಂದು ಪ್ರವಾದಿವರ್ಯರು(ಸ) ಎಚ್ಚರಿಸಿದ್ದು ಹದೀಸಿನಲ್ಲಿದೆ. ಅಬೂದರ್(ರ) ಪ್ರವಾದಿಯವರ ಪ್ರೀತಿಯ ಸಂಗಾತಿಯಾಗಿದ್ದರು. ಒಳ್ಳೆಯ ಮನೆಯ ಮಗು ಹಾಗೆ ಮಾಡದು ಎಂಬ ನಮ್ಮ ಸಮಾಧಾನಕ್ಕೆ ಅಲ್ಲಿ ಉತ್ತರವಿದೆ.

ಶಾಲೆಯಿಂದ ಅಂಥ ದೂರು ಬಂದಾಗ ಮಗುವನ್ನು ಹೊಡೆದರೆ, ಬಲವಿದ್ದವನು ಹೊಡೆಯಬಹುದು ಎಂಬ ಅದೇ ಪಾಠ ಮುಂದುವರಿಯುತ್ತದೆ. "ನನ್ನ ಮಗ ಅಂಥವನಲ್ಲ" ಎಂದು ವಾದಿಸಿದರೂ ಅದೇ. ಏನು ನಡೆಯಿತು ಎಂದು ಒಂಟಿಯಾಗಿ ಕೂರಿಸಿ ಕೇಳಿ, ಕಿತ್ತುಕೊಂಡದ್ದನ್ನು ಹಿಂದಿರುಗಿಸಿ, ಅಳಿಸಬೇಕಾದ್ದನ್ನು ಎಲ್ಲರ ಮೊಬೈಲಿನಿಂದ ಅಳಿಸಿಸಿ, ಎರಡು ವಾರ ಪ್ರತಿದಿನ ವಿಚಾರಿಸುವುದು ಹೆಚ್ಚು ಕಷ್ಟ, ಹೆಚ್ಚು ಫಲಕಾರಿ. ಹಾಗೆ ಅಳಿಸಿಸುವ ಮೊದಲು, ನೊಂದವರ ಮನೆಯವರು ಬೇಕಾದ ದಾಖಲೆ ಇಟ್ಟುಕೊಂಡಿದ್ದಾರೆಯೇ ಎಂದು ಕೇಳಿಕೊಳ್ಳಬೇಕು. ದಬ್ಬಾಳಿಕೆ ಮಾಡುವ ಸಹೋದರನಿಗೂ ನೆರವಾಗಬೇಕೆಂದು ಪ್ರವಾದಿವರ್ಯರು(ಸ) ಹೇಳಿದಾಗ ಸಂಗಾತಿಗಳು ಅಚ್ಚರಿಪಟ್ಟರು. ಅವನ ಕೈ ಹಿಡಿದು ತಡೆಯುವುದೇ ಅವನಿಗೆ ಮಾಡುವ ನೆರವು ಎಂಬ ವಿವರಣೆ ಬಂತು. ಹೈಸ್ಕೂಲಿನಲ್ಲಿ ಪಕ್ಕದಲ್ಲಿ ನಿಲ್ಲುವ ಆ ಒಬ್ಬ ಗೆಳೆಯ ಮಾಡುವುದೂ ಇದನ್ನೇ.

ಜಮಾಅತ್‌ಗಳು ಇಲ್ಲಿ ಒಂದು ಸಣ್ಣ ಕೆಲಸ ವಹಿಸಿಕೊಳ್ಳಬಹುದು. ದೂರು ಬರೆಯಲು ಬಾರದ, ಶಾಲೆಯ ಕಚೇರಿಗೆ ಹೋಗಲು ಹಿಂಜರಿಯುವ ಹೆತ್ತವರು ನಮ್ಮಲ್ಲಿ ಬಹಳ. ಮೊಹಲ್ಲಾದ ಒಬ್ಬ ಶಿಕ್ಷಕರೋ ಶಿಕ್ಷಕಿಯೋ ಅವರ ಜೊತೆ ಕೂತು ಜಾಗ, ದಿನಾಂಕ, ನಡೆದದ್ದು ಎಂದು ಒಂದು ಪುಟ ಬರೆದುಕೊಟ್ಟು, ಜೊತೆಗೆ ಹೋಗಿಬಂದರೆ ಸಾಕು. ಮದ್ರಸಾ ಬಿಡುವ ಹೊತ್ತಿಗೆ ಓಣಿಯ ತಿರುವಿನಲ್ಲಿ ಹಿರಿಯರೊಬ್ಬರು ಹತ್ತು ನಿಮಿಷ ನಿಂತರೆ ಚಿಕ್ಕವರ ಪಾಲಿಗೆ ಅದೇ ರಕ್ಷಣೆ. ಈ ಎರಡಕ್ಕೂ ಚಂದಾ ಎತ್ತಬೇಕಾಗಿಲ್ಲ, ಮುಂದಿನ ಜುಮಾದ ಬಳಿಕ ಹೆಸರು ಗೊತ್ತುಮಾಡಿದರೆ ಆಯಿತು.